ಬೆಳೆ ಸಾಲವನ್ನು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿಯಲ್ಲಿ ಶೇ 3 ಉಳಿಯುತ್ತದೆ, ಸರಿ. ಆದರೆ ಸುಗ್ಗಿ ಮುಗಿದ ಕೂಡಲೇ ಕಟ್ಟಬೇಕೇ, ಜೋಳ ಇಟ್ಟುಕೊಂಡು ಆಮೇಲೆ ಕಟ್ಟಬಹುದೇ?

ವರದಾ ದಂಡೆ · 24 ನವೆಂಬರ್ 2024

ಹಾವೇರಿ ಜಿಲ್ಲೆಯವನು. ನಾಲ್ಕು ಎಕರೆ ಗೋವಿನಜೋಳ, ಎರಡು ಎಕರೆ ಹತ್ತಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ ಬ್ಯಾಂಕಿನಿಂದ ಜೂನ್ 12ರಂದು 2 ಲಕ್ಷ ರೂಪಾಯಿ ಬೆಳೆ ಸಾಲ ತೆಗೆದಿದ್ದೇನೆ. ಪಾಸ್‌ಬುಕ್ಕಿನ ಒಳಪುಟದಲ್ಲಿ ಬರುವ ವರ್ಷದ ಜೂನ್ 11 ಎಂದು ವಾಯಿದೆ ಬರೆದುಕೊಟ್ಟಿದ್ದಾರೆ.

ಜೋಳ ಸುಮಾರು 80 ಕ್ವಿಂಟಲ್ ಆಗಿದೆ, ಒಣಗಿಸಿ ಚೀಲ ಕಟ್ಟಿದ್ದೇವೆ. ದಲಾಲಿ ಅಂಗಡಿಯವರು 2,180 ಎನ್ನುತ್ತಿದ್ದಾರೆ. ಏಪ್ರಿಲ್ ಹೊತ್ತಿಗೆ ಕೋಳಿ ಆಹಾರದವರು ಬಂದರೆ ದರ ಏರಬಹುದು ಎಂದು ನನ್ನ ಅಂದಾಜು. ಆದರೆ ಅಪ್ಪನದು ಒಂದೇ ಹಟ: ‘ಸುಗ್ಗಿ ಆದ ಕೂಡಲೇ ಬ್ಯಾಂಕಿಗೆ ಕಟ್ಟಿಬಿಡು, ಇಲ್ಲದಿದ್ದರೆ ಆ ಮೂರು ಪರ್ಸೆಂಟ್ ಹೋಗುತ್ತದೆ.’ ಅಪ್ಪ ಹೇಳುವುದು ನಿಜವೇ? ತಡ ಮಾಡಿದಷ್ಟೂ ರಿಯಾಯಿತಿ ಕರಗುತ್ತಾ ಹೋಗುತ್ತದೆಯೇ?

ಮೆಣಸಿನ ಮಾಳ · 24 ನವೆಂಬರ್

ನಿಮ್ಮ ಅಪ್ಪ ಹೇಳುವುದೇ ಸರಿ. ಸುಗ್ಗಿ ಆದ ಮೇಲೆ ಬೇಗ ಕಟ್ಟಿದವರಿಗೆ ಮಾತ್ರ ಶೇ 4ರ ಬಡ್ಡಿ, ಉಳಿದವರಿಗೆ ಶೇ 7. ನಾನು ಪ್ರತಿ ವರ್ಷ ಫೆಬ್ರುವರಿಯೊಳಗೆ ಮೆಣಸಿನಕಾಯಿ ಮಾರಿ ಕಟ್ಟುತ್ತೇನೆ, ಪ್ರತಿ ವರ್ಷ ರಿಯಾಯಿತಿ ಸಿಕ್ಕಿದೆ. ಜೋಳ ಇಟ್ಟುಕೊಂಡು ಆಟವಾಡಬೇಡಿ.

ಕೌಂಟರಿನ ಒಳಗಿದ್ದವನು · 24 ನವೆಂಬರ್

ಮೆಣಸಿನ ಮಾಳದವರೇ, ಅರ್ಧ ಸರಿ ಹೇಳಿದ್ದೀರಿ. ನಿಮಗೆ ರಿಯಾಯಿತಿ ಸಿಕ್ಕಿದ್ದು ಫೆಬ್ರುವರಿಯಲ್ಲಿ ಕಟ್ಟಿದ್ದಕ್ಕಲ್ಲ, ವಾಯಿದೆ ದಾಟದೆ ಕಟ್ಟಿದ್ದಕ್ಕೆ. ಎರಡಕ್ಕೂ ವ್ಯತ್ಯಾಸವಿದೆ. ಬಹಳ ಜನ ರೈತರು ಎಡವುವುದೂ ಇಲ್ಲಿಯೇ. ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಇದ್ದವನು, ಅದರಲ್ಲಿ ಹೆಚ್ಚಿನ ಪಾಲು ಹಳ್ಳಿ ಶಾಖೆಗಳಲ್ಲಿ ಬೆಳೆ ಸಾಲದ ಮೇಜಿನ ಮುಂದೆ. ನಿಧಾನವಾಗಿ ಹೇಳುತ್ತೇನೆ.

3 ಲಕ್ಷದವರೆಗಿನ ಬೆಳೆ ಸಾಲಕ್ಕೆ ರೈತನಿಗೆ ಹಾಕುವ ಬಡ್ಡಿ ವರ್ಷಕ್ಕೆ ಶೇ 7. ಅಷ್ಟು ಕಡಿಮೆ ದರಕ್ಕೆ ಕೊಟ್ಟಿದ್ದಕ್ಕೆ ಕೇಂದ್ರ ಸರ್ಕಾರ ಬ್ಯಾಂಕಿಗೆ ಶೇ 1.5 ತುಂಬಿಕೊಡುತ್ತದೆ. ಅದು ಬ್ಯಾಂಕಿಗೂ ಸರ್ಕಾರಕ್ಕೂ ಇರುವ ಲೆಕ್ಕ, ನಿಮ್ಮ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ನಿಮಗೆ ಸಂಬಂಧಿಸಿದ್ದು ಇನ್ನೊಂದು ಶೇ 3. ಸಾಲ ತೆಗೆದ ದಿನದಿಂದ ಒಂದು ವರ್ಷ ಮೀರದಂತೆ, ಬ್ಯಾಂಕು ಹಾಕಿದ ವಾಯಿದೆಯೊಳಗೆ ಪೂರ್ತಿ ಕಟ್ಟಿದವನಿಗೆ ಮಾತ್ರ ಅದು ಬರುತ್ತದೆ. ಸಾಲ ಎಷ್ಟು ದಿನ ನಿಮ್ಮ ಕೈಯಲ್ಲಿತ್ತೋ ಅಷ್ಟೂ ದಿನಕ್ಕೆ ಶೇ 3 ಲೆಕ್ಕ ಹಾಕಿ ಕೊಡುತ್ತಾರೆ.

ಆದ್ದರಿಂದ ತಡ ಮಾಡಿದಷ್ಟೂ ರಿಯಾಯಿತಿ ಕರಗುವುದಿಲ್ಲ. ಬಡ್ಡಿ ಬೆಳೆದ ಹಾಗೆ ರಿಯಾಯಿತಿಯ ಮೊತ್ತವೂ ಬೆಳೆಯುತ್ತಾ ಹೋಗುತ್ತದೆ. ಆದರೆ ವಾಯಿದೆಯ ಮರುದಿನ ಬೆಳಿಗ್ಗೆ ಅದು ಪೂರ್ತಿ ಮಾಯ. ಇಳಿಜಾರಿನಲ್ಲಿ ಮೆಲ್ಲಗೆ ಇಳಿಯುವ ಲೆಕ್ಕವಲ್ಲ ಇದು, ಬಾವಿಯ ಕಟ್ಟೆಯ ಲೆಕ್ಕ.

ವರದಾ ದಂಡೆ · 24 ನವೆಂಬರ್

ಹಾಗಾದರೆ ಜೂನ್ 11ರ ತನಕ ನೆಮ್ಮದಿಯಾಗಿ ಇರಬಹುದೇ ಯಜಮಾನರೇ? ನನ್ನ ಸಾಲಕ್ಕೇ ಲೆಕ್ಕ ಹಾಕಿ ತೋರಿಸಿದರೆ ಅಪ್ಪನ ಮುಂದೆ ಇಡಬಹುದು.

ಕೌಂಟರಿನ ಒಳಗಿದ್ದವನು · 25 ನವೆಂಬರ್

ಬರೆದುಕೊಳ್ಳಿ.

2 ಲಕ್ಷಕ್ಕೆ ಶೇ 7 ಎಂದರೆ ದಿನಕ್ಕೆ 38 ರೂಪಾಯಿ 36 ಪೈಸೆ. ಅದರಲ್ಲಿ ನಿಮಗೆ ಮರಳಿ ಬರುವ ಪಾಲು ದಿನಕ್ಕೆ 16 ರೂಪಾಯಿ 44 ಪೈಸೆ. ನಿಜವಾಗಿ ನಿಮ್ಮ ಕೈ ಬಿಡುವುದು ದಿನಕ್ಕೆ 22 ರೂಪಾಯಿಗೆ ಎಂಟು ಪೈಸೆ ಕಡಿಮೆ.

ಡಿಸೆಂಬರ್ 9ಕ್ಕೆ ಕಟ್ಟುತ್ತೀರಿ ಎಂದುಕೊಳ್ಳೋಣ. ಸಾಲ ತೆಗೆದು 180 ದಿನ. ಬಡ್ಡಿ 6,904, ರಿಯಾಯಿತಿ 2,959, ನಿಮಗೆ ಬೀಳುವುದು 3,945 ರೂಪಾಯಿ.

ಜೂನ್ 9ಕ್ಕೆ, ವಾಯಿದೆಗೆ ಎರಡು ದಿನ ಮೊದಲು ಕಟ್ಟಿದರೆ 362 ದಿನ. ಬಡ್ಡಿ 13,885, ರಿಯಾಯಿತಿ 5,951, ನಿಮಗೆ ಬೀಳುವುದು 7,934.

ಅಂದರೆ ಆರು ತಿಂಗಳು ಜೋಳ ಇಟ್ಟುಕೊಳ್ಳುವುದಕ್ಕೆ ಬಡ್ಡಿಯ ಲೆಕ್ಕದಲ್ಲಿ ತಗಲುವುದು 3,989 ರೂಪಾಯಿ. 80 ಕ್ವಿಂಟಲಿಗೆ ಹಂಚಿದರೆ ಕ್ವಿಂಟಲಿಗೆ 50 ರೂಪಾಯಿ. ದರ ಅಷ್ಟಕ್ಕಿಂತ ಹೆಚ್ಚು ಏರುತ್ತದೆ ಎನ್ನುವ ನಂಬಿಕೆ ಇದ್ದರೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಈಗ ಮೂರನೆಯದು. ಜೂನ್ 20ಕ್ಕೆ ಕಟ್ಟಿದರೆ? ವರ್ಷದ ಬಡ್ಡಿ 14,000 ಪೂರ್ತಿ ನಿಮ್ಮದೇ. ವಾಯಿದೆ ದಾಟಿದ ದಿನಗಳಿಗೆ ಶೇ 7 ಕೂಡ ಇರುವುದಿಲ್ಲ, ಬ್ಯಾಂಕಿನ ಮಾಮೂಲಿ ದರ ಬೀಳುತ್ತದೆ. ಒಂಬತ್ತು ದಿನದ ತಡಕ್ಕೆ 6,000 ರೂಪಾಯಿ ಹೋಯಿತು.

ನಿಮ್ಮ ಅಪ್ಪನಿಗೆ ಇದನ್ನು ತೋರಿಸುವಾಗ ಒಂದು ಮಾತು ಸೇರಿಸಿ. ಅವರು ಹೆದರುತ್ತಿರುವುದರಲ್ಲಿ ಅರ್ಥವಿದೆ. ಮಾಲು ಮನೆಯಲ್ಲಿದ್ದಾಗ ಮದುವೆ, ಆಸ್ಪತ್ರೆ, ಬೋರ್‌ವೆಲ್ ಎಲ್ಲವೂ ಅದರ ಮೇಲೆಯೇ ಕಣ್ಣಿಡುತ್ತವೆ.

ಎರೆಹೊಲ · 25 ನವೆಂಬರ್

ಬಡ್ಡಿ ಒಂದನ್ನೇ ಲೆಕ್ಕ ಹಾಕಿದರೆ ಸಾಲದು. ಜೋಳ ಆರು ತಿಂಗಳಲ್ಲಿ ತೂಕ ಬಿಡುತ್ತದೆ, ಕ್ವಿಂಟಲಿಗೆ ಎರಡು ಕಿಲೋ ಎಂದರೂ 44 ರೂಪಾಯಿ. ಮೇಲೆ ಹುಳು. ಎರಡು ವರ್ಷದ ಹಿಂದೆ ಯುಗಾದಿ ಕಳೆದ ಮೇಲೆ ಚೀಲದ ಬಾಯಿ ಬಿಚ್ಚಿದೆ, ಕೈ ಹಾಕಿದರೆ ಬೆಚ್ಚಗಿತ್ತು. ಬೊಗಸೆಯಲ್ಲಿ ಎತ್ತಿದರೆ ಬೆರಳ ಸಂದಿಯಿಂದ ಹಿಟ್ಟು ಉದುರಿತು, ಉಳಿದ ಕಾಳಿಗೆಲ್ಲ ಸೂಜಿ ಚುಚ್ಚಿದ ಹಾಗೆ ತೂತು. ಖರೀದಿದಾರ ಒಂದು ಹಿಡಿ ತೆಗೆದು ಹರವಿ ನೋಡಿದ, ಮಾತಾಡದೆ ಮುಂದಿನ ರಾಶಿಗೆ ಹೋದ. ತೇವಾಂಶ ಶೇ 14ಕ್ಕಿಂತ ಕೆಳಗೆ ಇಳಿಯದ ಜೋಳವನ್ನು ಇಡಲೇಬೇಡಿ. ನಿಮ್ಮ 50 ರೂಪಾಯಿಯನ್ನು 100 ಎಂದು ಓದಿಕೊಳ್ಳಿ.

ಕೌಂಟರಿನ ಒಳಗಿದ್ದವನು · 25 ನವೆಂಬರ್

ಎರೆಹೊಲದವರ ಮಾತು ಒಪ್ಪಿದೆ. ನಾನು ಕಾಗದದ ಮೇಲಿನ ಹುಳುಗಳನ್ನು ಮಾತ್ರ ನೋಡಿದವನು.

ತೋಟಪಟ್ಟಿ · 26 ನವೆಂಬರ್

ಇದೇನು ಶೇ 4, ಶೇ 7 ಎಂದು ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ? ನಾವು ಶಿರಸಿ ಕಡೆಯವರು, ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಮೊದಲು 3 ಲಕ್ಷದ ತನಕ ಇತ್ತು, 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದ್ದಾರೆ. ಬ್ಯಾಂಕು ಬಿಟ್ಟು ಸೊಸೈಟಿಗೆ ಬನ್ನಿ.

ವರದಾ ದಂಡೆ · 26 ನವೆಂಬರ್

ಅಕ್ಕ, ನಮ್ಮೂರಿನ ಸೊಸೈಟಿಯಲ್ಲಿ ಹೊಸ ಸದಸ್ಯರಿಗೆ ಸಾಲ ಸಿಗುವುದೆಂದರೆ ಸರತಿ. ಸಿಕ್ಕರೂ 30–40 ಸಾವಿರ. ಐದು ಲಕ್ಷ ಎನ್ನುವುದು ಪೇಪರಿನಲ್ಲಿ ಓದಿದ್ದು ಮಾತ್ರ.

ಕೌಂಟರಿನ ಒಳಗಿದ್ದವನು · 26 ನವೆಂಬರ್

ಸೊಸೈಟಿಯ ಶೂನ್ಯ ಬಡ್ಡಿಯೂ ವಾಯಿದೆಯ ಮೇಲೆಯೇ ನಿಂತಿದೆ ತಂಗೀ. ರೈತ ಕಟ್ಟಬೇಕಾದ ಬಡ್ಡಿಯನ್ನು ರಾಜ್ಯ ಸರ್ಕಾರ ತುಂಬುವುದು ಸಕಾಲಕ್ಕೆ ಕಟ್ಟಿದವರ ಪರವಾಗಿ. ಸುಸ್ತಿಯಾದ ದಿನ ‘ಶೂನ್ಯ’ ಎನ್ನುವ ಪದವೇ ಹೋಗುತ್ತದೆ. ನಾಲ್ಕರಿಂದ ಏಳಕ್ಕೆ ಜಾರುವವನಿಗಿಂತ ಸೊನ್ನೆಯಿಂದ ಜಾರುವವನಿಗೆ ಪೆಟ್ಟು ಜಾಸ್ತಿ. ಮತ್ತೆ ಈ ಸೌಲಭ್ಯ ಸಹಕಾರಿ ಸಾಲಕ್ಕೆ ಮಾತ್ರ, ವಾಣಿಜ್ಯ ಬ್ಯಾಂಕಿನ ಬೆಳೆ ಸಾಲಕ್ಕೆ ರಾಜ್ಯದ ಶೂನ್ಯ ಬಡ್ಡಿ ಇಲ್ಲ.

ತೋಟಪಟ್ಟಿ · 26 ನವೆಂಬರ್

ವಾಯಿದೆ ತಪ್ಪಿಸಿದ ನೆನಪು ನಮ್ಮ ಮನೆಯಲ್ಲಿ ಇಲ್ಲ. ಅದಕ್ಕೇ ಗೊತ್ತಿರಲಿಲ್ಲ ಎನ್ನಿ.

ಮಲಪ್ರಭೆ · 27 ನವೆಂಬರ್

ಸವದತ್ತಿ ಕಡೆಯವಳು. ವಾಯಿದೆಯೊಳಗೆ ಕಟ್ಟಿಯೂ ರಿಯಾಯಿತಿ ಕಳೆದುಕೊಂಡವರು ನಾವು. ಯಾವ ಬ್ಯಾಂಕು ಎಂದು ಹೇಳುವುದಿಲ್ಲ.

ನಮ್ಮದು ಒಂದೂವರೆ ಲಕ್ಷದ ಸಾಲ. ಹಿಂದಿನ ದಿನವೇ ನಮ್ಮ ಯಜಮಾನರು ಸರಿಯಾಗಿ 1,50,000 ಕಟ್ಟಿ ಚಲನ್ ತಂದು ದೇವರ ಗೂಡಿನಲ್ಲಿ ಇಟ್ಟರು. ಅಸಲು ಕಟ್ಟಿದೆ, ಬಡ್ಡಿ ಆಮೇಲೆ ಹೇಳುತ್ತಾರೆ ಎಂದು ಅವರ ತಿಳಿವಳಿಕೆ. ಎರಡು ತಿಂಗಳ ನಂತರ ಹೊಸ ಸಾಲಕ್ಕೆ ಹೋದರೆ ಖಾತೆ ಸುಸ್ತಿ ಎಂದರು. ಪಾಸ್‌ಬುಕ್ ಮುದ್ರಿಸಿ ಕೊಟ್ಟಾಗ ಗೊತ್ತಾಯಿತು, ವಾಯಿದೆಗೆ ಮೊದಲೇ ವರ್ಷದ ಬಡ್ಡಿಯನ್ನು ಸಾಲದ ಲೆಕ್ಕಕ್ಕೆ ಖರ್ಚು ಹಾಕಿದ್ದರು. ನಾವು ಕಟ್ಟಿದ್ದು ಮೊದಲು ಬಡ್ಡಿಗೆ ಹೋಗಿ, ಹತ್ತು ಸಾವಿರ ಚಿಲ್ಲರೆ ಅಸಲು ಬಾಕಿ ನಿಂತಿತ್ತು. ಆ ಹತ್ತು ಸಾವಿರಕ್ಕಾಗಿ ಇಡೀ ಒಂದೂವರೆ ಲಕ್ಷದ ರಿಯಾಯಿತಿ ಹೋಯಿತು, 4,500 ರೂಪಾಯಿ. ಕೌಂಟರಿನಲ್ಲಿ ದುಡ್ಡು ತೆಗೆದುಕೊಂಡವರು ‘ಇದು ಸಾಲದು ಅಜ್ಜಾ, ಇನ್ನು ಇಷ್ಟು ಬೇಕು’ ಎಂದು ಒಂದು ಮಾತು ಹೇಳಿದ್ದರೆ ಮನೆಗೆ ಹೋಗಿ ತರುತ್ತಿದ್ದರು.

ಕೌಂಟರಿನ ಒಳಗಿದ್ದವನು · 27 ನವೆಂಬರ್

ಅಕ್ಕ, ಇಂಥದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೆ ನನ್ನ ಮೇಜಿನಲ್ಲಿಯೂ ಆಗಿದೆ, ಸುಳ್ಳು ಹೇಳುವುದಿಲ್ಲ. ಸಾಲದ ಖಾತೆಗೆ ಬಂದ ಹಣ ಮೊದಲು ಖರ್ಚು ಬಿದ್ದ ಬಡ್ಡಿಗೆ, ಆಮೇಲೆ ಅಸಲಿಗೆ. ರೈತ ‘ಇದು ಅಸಲಿಗೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಕಟ್ಟಿದ್ದು ಯಂತ್ರಕ್ಕೆ ತಿಳಿಯುವುದಿಲ್ಲ.

ಬಡ್ಡಿ ಒಂದೇ ಅಲ್ಲ, ಬೆಳೆ ವಿಮೆಯ ಕಂತನ್ನೂ ಇದೇ ಖಾತೆಯಿಂದ ಕಡಿಯುತ್ತಾರೆ. ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5ರವರೆಗೆ. ಬೇಡವೆನ್ನುವವರು ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಬರೆದುಕೊಡಬೇಕು, ಇಲ್ಲದಿದ್ದರೆ ಕಡಿತ ಆಗಿಯೇ ಆಗುತ್ತದೆ. ನೀವು ತೆಗೆದದ್ದು 2 ಲಕ್ಷ ಎಂದು ನಿಮ್ಮ ತಲೆಯಲ್ಲಿ ಇರುತ್ತದೆ, ಖಾತೆಯಲ್ಲಿ 2 ಲಕ್ಷಕ್ಕೆ ಮೇಲೆ ಕೆಲವು ಸಾವಿರ ಕುಳಿತಿರುತ್ತದೆ.

ಆದ್ದರಿಂದ ಕಟ್ಟುವ ದಿನ ‘ನನ್ನ ಸಾಲ ಎಷ್ಟು’ ಎಂದು ಕೇಳಬೇಡಿ. ‘ಈ ದಿನ ಎಷ್ಟು ಕಟ್ಟಿದರೆ ಬಾಕಿ ಸೊನ್ನೆಯಾಗುತ್ತದೆ’ ಎಂದು ಕೇಳಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕಟ್ಟಿದ ಮೇಲೆ ಅಲ್ಲಿಯೇ ನಿಂತು ಪಾಸ್‌ಬುಕ್ ಮುದ್ರಿಸಿಕೊಳ್ಳಿ, ಚಲನ್ ನಂಬಿ ಹೊರಡಬೇಡಿ.

ಇದರ ತಮ್ಮನೊಬ್ಬನಿದ್ದಾನೆ. ಎಪಿಎಂಸಿಯಿಂದ ಮಾಲಿನ ಹಣ ನಿಮ್ಮ ಉಳಿತಾಯ ಖಾತೆಗೆ ಬರುತ್ತದೆ. ಎರಡೂ ಖಾತೆ ಒಂದೇ ಶಾಖೆಯಲ್ಲಿದ್ದ ಮಾತ್ರಕ್ಕೆ ಹಣ ತಾನಾಗಿ ಸಾಲಕ್ಕೆ ಹರಿಯುವುದಿಲ್ಲ. ಉಳಿತಾಯದಲ್ಲಿ ಎರಡೂವರೆ ಲಕ್ಷ ಇದ್ದು, ಪಕ್ಕದ ಖಾತೆ ಸುಸ್ತಿಯಾದ ರೈತನನ್ನು ನೋಡಿದ್ದೇನೆ.

ಬೆಂಗಳೂರಿನಿಂದ ಮಗ · 29 ನವೆಂಬರ್

ನಮ್ಮ ತಾಯಿಯವರು ಒಡವೆ ಇಟ್ಟು ‘ಕೃಷಿ ಚಿನ್ನದ ಸಾಲ’ ತೆಗೆದಿದ್ದಾರೆ, 1.8 ಲಕ್ಷ. ಪಹಣಿಯನ್ನೂ ಕೊಟ್ಟಿದ್ದೇವೆ. ಈ ಡಿಸೆಂಬರಿನಲ್ಲಿ ಕಟ್ಟಿದರೆ ನಮಗೂ ಶೇ 3 ಬರುತ್ತದಲ್ಲವೇ? ಬ್ಯಾಂಕಿನವರು ಸರಿಯಾಗಿ ಉತ್ತರಿಸುತ್ತಿಲ್ಲ.

ಕೌಂಟರಿನ ಒಳಗಿದ್ದವನು · 29 ನವೆಂಬರ್

ಬರುವುದಿಲ್ಲ. ಮೊದಲು ಅದಕ್ಕೂ ಕೊಡುತ್ತಿದ್ದರು, ಈಗ ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕ ಕೊಟ್ಟ ಬೆಳೆ ಸಾಲಕ್ಕೆ ಮಾತ್ರ. 2020ರ ಏಪ್ರಿಲ್‌ನಿಂದ ಹೀಗೆ. ಪಹಣಿ ತೆಗೆದುಕೊಂಡಿದ್ದು ಅದನ್ನು ಕೃಷಿ ಸಾಲವೆಂದು ತೋರಿಸುವುದಕ್ಕೆ, ರಿಯಾಯಿತಿಗಲ್ಲ. ತಾಯಿಯವರ ಹೆಸರಿನಲ್ಲಿ ಜಮೀನು ಇದ್ದರೆ ಕಾರ್ಡ್ ಮಾಡಿಸಿ, ಒಡವೆ ಬಿಡಿಸಿಕೊಳ್ಳಿ.

ಬೆಂಗಳೂರಿನಿಂದ ಮಗ · 29 ನವೆಂಬರ್

ಜಮೀನು ಇನ್ನೂ ತಾತನ ಹೆಸರಿನಲ್ಲೇ ಇದೆ. ಪೌತಿ ಖಾತೆ ಆಗಬೇಕು. ಅದೇ ಒಂದು ಬೇರೆ ಕಥೆ.

ಕಟ್ಟಿ ಕೆಟ್ಟವನು · 1 ಡಿಸೆಂಬರ್

ನನ್ನದೊಂದು ಹೊಟ್ಟೆಯುರಿ. 2018ರ ಸಾಲ ಮನ್ನಾದಲ್ಲಿ ಬ್ಯಾಂಕಿಗೆ ಕಟ್ಟದೆ ಸುಸ್ತಿಯಾದವರಿಗೆ 2 ಲಕ್ಷದ ತನಕ ಮಾಫಿ. ನಾನು ವಾಯಿದೆಯೊಳಗೆ ಕಟ್ಟಿದವನು, ನನಗೆ ಬಂದದ್ದು 25 ಸಾವಿರ. ಶೇ 3 ಉಳಿಸಲು ಹೋಗಿ ಎಷ್ಟು ಕಳೆದುಕೊಂಡೆ ಎಂದು ಲೆಕ್ಕ ಹಾಕಿ ಹೇಳುತ್ತೀರಾ?

ಎರೆಹೊಲ · 1 ಡಿಸೆಂಬರ್

ಸರಿಯಾದ ಪ್ರಶ್ನೆ. ನಮ್ಮೂರಿನಲ್ಲಿ ಈಗಲೂ ಚುನಾವಣೆ ಹತ್ತಿರ ಬಂದರೆ ಕಟ್ಟುವ ಕೈಗಳು ಹಿಂದೆ ಸರಿಯುತ್ತವೆ.

ಕೌಂಟರಿನ ಒಳಗಿದ್ದವನು · 1 ಡಿಸೆಂಬರ್

ಆ ವರ್ಷದ ಲೆಕ್ಕದಲ್ಲಿ ನೀವು ಸೋತಿರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮನ್ನಾಕ್ಕೆ ಕಾಯುತ್ತಾ ಸುಸ್ತಿಯಾದವನ ಸಾಲ ಎರಡು ಬೆಳೆ ಹಂಗಾಮು ದಾಟಿದರೆ ಅನುತ್ಪಾದಕವಾಗುತ್ತದೆ. ಅವನಿಗೆ ಮುಂದಿನ ಸಾಲ ಹುಟ್ಟುವುದಿಲ್ಲ, ಕೈಗಡವೇ ಗತಿ. ಮನ್ನಾ ಬಂದ ವರ್ಷವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಬಾರದ ವರ್ಷಗಳಲ್ಲಿ ಕೈಗಡಕ್ಕೆ ಕಟ್ಟಿದ ಬಡ್ಡಿಗೆ ಪಾಸ್‌ಬುಕ್ ಇರುವುದಿಲ್ಲ.

ಕಟ್ಟಿ ಕೆಟ್ಟವನು · 1 ಡಿಸೆಂಬರ್

ಹೇಳುವವರಿಗೆ ಸುಲಭ. ನನ್ನ ಪಕ್ಕದ ಹೊಲದವನು ಆ ದುಡ್ಡಿನಲ್ಲಿ ಪೈಪ್‌ಲೈನ್ ಹಾಕಿಸಿದ, ದಿನಾ ಅದನ್ನು ದಾಟಿಕೊಂಡೇ ನಾನು ಹೊಲಕ್ಕೆ ಹೋಗಬೇಕು.

ಮೆಣಸಿನ ಮಾಳ · 2 ಡಿಸೆಂಬರ್

ಮಾತು ಬೇರೆ ಕಡೆ ಹೋಯಿತು. ನಮ್ಮೂರಿನಲ್ಲಿ ಎಲ್ಲರೂ ಮಾಡುವ ದಾರಿ ಒಂದಿದೆ. ವಾಯಿದೆಯ ದಿನ ಸಾಹುಕಾರನಿಂದ 2 ಲಕ್ಷ ಕೈಗಡ ತಂದು ಬ್ಯಾಂಕಿಗೆ ಕಟ್ಟುವುದು, ಒಂದು ವಾರದಲ್ಲಿ ಹೊಸ ಸಾಲ ಮಂಜೂರಾದ ಕೂಡಲೇ ತೆಗೆದು ಅವನಿಗೆ ಕೊಡುವುದು. ರಿಯಾಯಿತಿಯೂ ಉಳಿಯಿತು, ಸಾಲವೂ ಹೊಸದಾಯಿತು. ಜೋಳ ಮನೆಯಲ್ಲೇ ಇರುತ್ತದೆ.

ಮಲಪ್ರಭೆ · 2 ಡಿಸೆಂಬರ್

ಅಣ್ಣಾ, ಆ ಸಾಹುಕಾರ ಒಂದು ವಾರಕ್ಕೆ ಎಷ್ಟು ತೆಗೆದುಕೊಳ್ಳುತ್ತಾನೆ ಎನ್ನುವುದನ್ನೂ ಹೇಳಿ. ನಮ್ಮ ಕಡೆ ನೂರಕ್ಕೆ ಎರಡು, ಕೆಲವರು ಮೂರು. ಒಂದೇ ದಿನ ಇಟ್ಟುಕೊಂಡರೂ ತಿಂಗಳ ಪೂರ್ತಿ ಬಡ್ಡಿ. 2 ಲಕ್ಷಕ್ಕೆ ಎರಡರಂತೆ 4,000, ಮೂರರಂತೆ 6,000. ನಿಮಗೆ ಸರ್ಕಾರ ಕೊಟ್ಟ 6,000 ನೇರವಾಗಿ ಅವನ ಕಪಾಟಿಗೆ ಹೋಯಿತು. ಹೊಸ ಸಾಲ ಒಂದು ವಾರದ ಬದಲು ಐದು ವಾರಕ್ಕೆ ಬಂದರೆ ಕೈಯಿಂದಲೇ ಹೋಯಿತು.

ಕೌಂಟರಿನ ಒಳಗಿದ್ದವನು · 2 ಡಿಸೆಂಬರ್

ಅಕ್ಕನ ಲೆಕ್ಕಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಆದರೆ ಒಂದು ವಿಷಯ ಹೆಚ್ಚಿನವರಿಗೆ ತಿಳಿಯದು. 2012ರಲ್ಲಿ ಕಾರ್ಡಿನ ನಿಯಮ ಬದಲಾಯಿಸಿದಾಗಲೇ, ಖಾತೆಯನ್ನು ಯಾವ ಹಂತದಲ್ಲಿಯೂ ಸೊನ್ನೆಗೆ ತರಬೇಕಾಗಿಲ್ಲ ಎಂದು ಬರೆದಿದ್ದಾರೆ. ಕೇಳುವುದಿಷ್ಟೇ, ತೆಗೆದ ಯಾವ ಮೊತ್ತವೂ 12 ತಿಂಗಳು ಮೀರಿ ಬಾಕಿ ಉಳಿಯಬಾರದು. ಅಂದರೆ ಮಿತಿಯೊಳಗೆ ಮಾಲು ಮಾರಿದಾಗ ಹಾಕುವುದು, ಬಿತ್ತನೆಗೆ ಬೇಕಾದಾಗ ತೆಗೆಯುವುದು. ಜೂನಿನಲ್ಲಿ ಒಂದೇ ಸಲ ಎರಡು ಲಕ್ಷ ತೆಗೆದು ಮುಂದಿನ ಜೂನಿನಲ್ಲಿ ಒಂದೇ ಸಲ ಕಟ್ಟುವ ಪದ್ಧತಿ ಆ ನಿಯಮದಿಂದ ಬಂದದ್ದಲ್ಲ, ಮೊದಲಿನ ಸಾಲದ ಅಭ್ಯಾಸ ಹಾಗೆಯೇ ಉಳಿದುಕೊಂಡಿದ್ದು. ಜೂನಿನಲ್ಲಿ ಬೀಜ, ಗೊಬ್ಬರಕ್ಕೆ 80 ಸಾವಿರ, ಆಗಸ್ಟಿನಲ್ಲಿ ಕಳೆ, ಔಷಧಕ್ಕೆ 50 ಸಾವಿರ ಎಂದು ಬೇಕಾದಷ್ಟೇ ತೆಗೆದವನಿಗೆ ಬಡ್ಡಿಯೂ ತೆಗೆದ ದಿನದಿಂದಲೇ.

ಮೆಣಸಿನ ಮಾಳ · 3 ಡಿಸೆಂಬರ್

ಕಾಗದದಲ್ಲಿ ಇದೆ ಎನ್ನುತ್ತೀರಿ. ನಮ್ಮ ಶಾಖೆಯಲ್ಲಿ ಪೂರ್ತಿ ಕಟ್ಟದೆ ನವೀಕರಣ ಮಾಡುವುದಿಲ್ಲ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಕೌಂಟರಿನ ಒಳಗಿದ್ದವನು · 3 ಡಿಸೆಂಬರ್

ಶಾಖೆಗಳಿಗೆ ಪೂರ್ತಿ ಕಟ್ಟಿಸಿಕೊಂಡು ಹೊಸದಾಗಿ ಕೊಡುವುದು ಸುಲಭ, ಯಾವ ಮೊತ್ತ ಯಾವಾಗ ತೆಗೆದದ್ದು ಎಂದು ಹುಡುಕುವ ಗೋಜಿಲ್ಲ. ಅದಕ್ಕೇ ಒತ್ತಾಯಿಸುತ್ತಾರೆ. ಬರಹದಲ್ಲಿ ಕೇಳಿ ನೋಡಿ.

ವರದಾ ದಂಡೆ · 4 ಡಿಸೆಂಬರ್

ಒಂದು ಪ್ರಶ್ನೆ ಉಳಿಯಿತು. ಹತ್ತಿ ಮಾರಿದ ದುಡ್ಡು ಕೈಯಲ್ಲಿದೆ, ಒಂದು ಲಕ್ಷ ಈಗಲೇ ಕಟ್ಟಬಹುದು. ಉಳಿದ ಒಂದು ಲಕ್ಷ ಜೋಳ ಮಾರಿದಾಗ. ಹೀಗೆ ಎರಡು ಸಲ ಕಟ್ಟಿದರೆ ರಿಯಾಯಿತಿಗೆ ತೊಂದರೆಯೇ? ದೇವರು ಬೇಡವೆನ್ನಲಿ, ಎರಡನೆಯ ಲಕ್ಷ ವಾಯಿದೆ ದಾಟಿತು ಎಂದುಕೊಳ್ಳಿ, ಮೊದಲ ಲಕ್ಷದ ರಿಯಾಯಿತಿಯಾದರೂ ಸಿಗುತ್ತದೆಯೇ?

ಕೌಂಟರಿನ ಒಳಗಿದ್ದವನು · 4 ಡಿಸೆಂಬರ್

ಎರಡು ಸಲ ಕಟ್ಟಿದರೆ ತೊಂದರೆ ಇಲ್ಲ, ಎರಡೂ ವಾಯಿದೆಯೊಳಗೆ ಇದ್ದರೆ. ಒಳ್ಳೆಯದೇ, ಒಂದು ಲಕ್ಷದ ಬಡ್ಡಿ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಪ್ರಶ್ನೆಗೆ ನಾನು ಎರಡು ಬಗೆಯನ್ನೂ ಕಂಡಿದ್ದೇನೆ. ನಾನಿದ್ದ ಒಂದು ಶಾಖೆಯಲ್ಲಿ ಸಕಾಲಕ್ಕೆ ಬಂದ ಪಾಲಿಗೆ ಹಾಕಿದರು, ಇನ್ನೊಂದರಲ್ಲಿ ಖಾತೆ ಸುಸ್ತಿಯಾಗಿದೆ ಎಂದು ಪೂರ್ತಿ ಬಿಟ್ಟರು. ಸಿಗುತ್ತದೆ ಎಂದು ನಂಬಿಕೊಂಡು ಹೆಜ್ಜೆ ಇಡಬೇಡಿ.

ಬಯಲು ಬರಡು · 6 ಡಿಸೆಂಬರ್

ಚಿತ್ರದುರ್ಗದ ಕಡೆಯವನು. ಬೆಳೆಯೇ ಬಾರದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಘೋಷಿಸಿದರು, ನಮ್ಮದೂ ಅದರಲ್ಲಿತ್ತು. ಶೇಂಗಾ ಹೊಲದಲ್ಲೇ ಸುಟ್ಟಿತು. ಬ್ಯಾಂಕಿನಲ್ಲಿ ಸಾಲ ‘ಮರುಹೊಂದಾಣಿಕೆ’ ಮಾಡಿಕೊಟ್ಟರು, ಸುಸ್ತಿ ತಪ್ಪಿತು. ಆಗ ಎಲ್ಲಕ್ಕೂ ಸಹಿ ಹಾಕಿದೆ. ಈಗ ಈ ವರ್ಷದ ಬಡ್ಡಿ ನೋಡಿದರೆ ಶೇ 7 ಅಲ್ಲ, ಅದಕ್ಕಿಂತ ಹೆಚ್ಚು.

ಕೌಂಟರಿನ ಒಳಗಿದ್ದವನು · 6 ಡಿಸೆಂಬರ್

ಪ್ರಕೃತಿ ವಿಕೋಪದಲ್ಲಿ ಮರುಹೊಂದಾಣಿಕೆಯಾದ ಸಾಲಕ್ಕೆ ಬಡ್ಡಿಯ ಸಹಾಯ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ. ಎರಡನೆಯ ವರ್ಷದಿಂದ ಬ್ಯಾಂಕಿನ ಮಾಮೂಲಿ ದರ. ತೀವ್ರ ವಿಕೋಪ ಎಂದು ಕೇಂದ್ರ ಒಪ್ಪಿಕೊಂಡ ಕಡೆ ಹೆಚ್ಚು ವರ್ಷ ಕೊಡುವುದುಂಟು. ನಿಮ್ಮ ಮಂಜೂರಾತಿ ಪತ್ರದಲ್ಲಿ ಎರಡರಲ್ಲಿ ಯಾವುದು ಎಂದು ನೋಡಿ.

ಬಯಲು ಬರಡು · 6 ಡಿಸೆಂಬರ್

ಪತ್ರ ಇಂಗ್ಲಿಷಿನಲ್ಲಿದೆ. ಮಗಳು ರಜೆಗೆ ಬಂದಾಗ ಓದಿಸುತ್ತೇನೆ.

ವರದಾ ದಂಡೆ · 28 ಏಪ್ರಿಲ್ 2025

ಎಲ್ಲರಿಗೂ ನಮಸ್ಕಾರ. ಏನಾಯಿತು ಎಂದು ಹೇಳಬೇಕಲ್ಲ.

ಅಪ್ಪನಿಗೆ ಅರ್ಧ, ನನಗೆ ಅರ್ಧ ಎಂದು ರಾಜಿಯಾಯಿತು. ಡಿಸೆಂಬರ್ 9ಕ್ಕೆ ಹತ್ತಿಯ ದುಡ್ಡಿನಲ್ಲಿ ಒಂದು ಲಕ್ಷ ಕಟ್ಟಿದೆ. ಜೋಳವನ್ನು ಇನ್ನೊಮ್ಮೆ ಮೂರು ಬಿಸಿಲು ಒಣಗಿಸಿ, ಹಲಗೆಯ ಮೇಲೆ ಗೋಡೆಗೆ ತಾಗದಂತೆ ಚೀಲ ಜೋಡಿಸಿ ಇಟ್ಟೆ. ಏಪ್ರಿಲ್ 20ಕ್ಕೆ 2,310ರಂತೆ ಮಾರಿದೆ. 80 ಕ್ವಿಂಟಲ್ ಇದ್ದದ್ದು ತೂಕ ಚೀಟಿಯಲ್ಲಿ 78 ಕ್ವಿಂಟಲ್ 30 ಕಿಲೋ ಬಂತು, ಎರೆಹೊಲದವರ ಎರಡು ಕಿಲೋ ಲೆಕ್ಕ ಹೆಚ್ಚು ಕಡಿಮೆ ಸರಿಯಾಯಿತು.

24ಕ್ಕೆ ಬ್ಯಾಂಕಿಗೆ ಹೋಗಿ, ಹೇಳಿಕೊಟ್ಟ ಮಾತನ್ನೇ ಕೇಳಿದೆ: ‘ಈ ದಿನ ಎಷ್ಟು ಕಟ್ಟಿದರೆ ಸೊನ್ನೆ?’ ಗುಮಾಸ್ತೆ ತಲೆಯೆತ್ತಿ ನೋಡಿ, ಕೀಲಿಮಣೆ ಕುಟ್ಟಿ, ಚೀಟಿಯಲ್ಲಿ ಬರೆದುಕೊಟ್ಟರು. ಅಸಲು ಒಂದು ಲಕ್ಷ, ಬಡ್ಡಿ ಮೊದಲ 180 ದಿನಕ್ಕೆ 6,904, ಆಮೇಲಿನ 136 ದಿನಕ್ಕೆ 2,608, ಒಟ್ಟು 1,09,512. ವಿಮೆ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದರಿಂದ ಬೇರೆ ಏನೂ ಇರಲಿಲ್ಲ. ಅಷ್ಟನ್ನೂ ಕಟ್ಟಿ ಪಾಸ್‌ಬುಕ್ ಮುದ್ರಿಸಿಕೊಂಡೆ. ಕೊನೆಯ ಸಾಲಿನಲ್ಲಿ 0.00.

ಡಿಸೆಂಬರಿನಲ್ಲೇ ಮಾರಿದ್ದರೆ ಜೋಳಕ್ಕೆ 1,74,400 ಬರುತ್ತಿತ್ತು, ಈಗ 1,80,873 ಬಂತು. ಹೆಚ್ಚಿಗೆ ಬಂದ 6,473ರಲ್ಲಿ ಕಾದ ದಿನಗಳ ಬಡ್ಡಿ ರಿಯಾಯಿತಿ ಕಳೆದು 1,490, ಹಮಾಲಿ, ತಾಡಪಾಲು, ಹುಳುವಿನ ಗುಳಿಗೆಗೆ ಸುಮಾರು 1,500. ಕೈಗೆ ಉಳಿದದ್ದು ಮೂರೂವರೆ ಸಾವಿರ. ಅಪ್ಪ ‘ಇಷ್ಟಕ್ಕೆ ನಾಲ್ಕು ತಿಂಗಳು ಪಡಸಾಲೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ’ ಎಂದರು.

ಆದರೆ ಆ ಶೇ 3 ಇನ್ನೂ ಬಂದಿಲ್ಲ. ಪೂರ್ತಿ ಶೇ 7ರಂತೆ ಕಟ್ಟಿಸಿಕೊಂಡಿದ್ದಾರೆ.

ಕೌಂಟರಿನ ಒಳಗಿದ್ದವನು · 28 ಏಪ್ರಿಲ್

ಗಾಬರಿ ಬೇಡ. ಕೆಲವು ಬ್ಯಾಂಕುಗಳು ಕಟ್ಟಿದ ಕೂಡಲೇ ಹಾಕುತ್ತವೆ, ಕೆಲವು ಸರ್ಕಾರಕ್ಕೆ ಬೇಡಿಕೆ ಕಳುಹಿಸಿ ಬಂದ ಮೇಲೆ ಹಾಕುತ್ತವೆ. ನಿಮ್ಮ 9,512ರಲ್ಲಿ ಏಳಕ್ಕೆ ಮೂರು ಪಾಲು, ಅಂದರೆ 4,077 ಬರಬೇಕು. ಆಧಾರ್ ಸಾಲದ ಖಾತೆಗೆ ಜೋಡಣೆಯಾಗಿದೆಯೇ ಎಂದು ಒಮ್ಮೆ ನೋಡಿಸಿ, ಬೇಡಿಕೆ ಹೋಗುವುದೇ ಅದರ ಮೇಲೆ. ಚೀಟಿಯನ್ನು ಬಿಸಾಡಬೇಡಿ.

ಮೆಣಸಿನ ಮಾಳ · 29 ಏಪ್ರಿಲ್

ನನ್ನದು ಕಟ್ಟಿದ ದಿನವೇ ಬಂದಿತ್ತು. ನಿಮ್ಮ ಬ್ಯಾಂಕಿನವರು ತಿಂದರೇನೋ!

ಕೌಂಟರಿನ ಒಳಗಿದ್ದವನು · 29 ಏಪ್ರಿಲ್

ತಿನ್ನುವುದಕ್ಕೆ ಆಗುವುದಿಲ್ಲ ಸ್ವಾಮಿ, ಖಾತೆವಾರು ಪಟ್ಟಿ ಹೋಗುತ್ತದೆ. ಮರೆಯುವುದಕ್ಕೆ ಮಾತ್ರ ಆಗುತ್ತದೆ.

ವರದಾ ದಂಡೆ · 19 ಜುಲೈ 2025

ನಿನ್ನೆ ಬಂತು. ಉಳಿತಾಯ ಖಾತೆಗೆ 4,076 ರೂಪಾಯಿ 60 ಪೈಸೆ. ಎರಡು ಸಲ ಹೋಗಿ ಕೇಳಬೇಕಾಯಿತು, ಮೊದಲ ಸಲ ಆಧಾರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು. ಅಪ್ಪ ಅದರಲ್ಲಿ ಯೂರಿಯಾ ತರಲು ಹೋಗಿದ್ದಾರೆ.

ಮಲಪ್ರಭೆ · 19 ಜುಲೈ

ನಮ್ಮ 4,500ಕ್ಕೆ ಮನವಿ ಕೊಟ್ಟು ಎಂಟು ತಿಂಗಳಾಯಿತು. ‘ಮೇಲಿನವರಿಗೆ ಕಳುಹಿಸಿದ್ದೇವೆ’ ಎನ್ನುತ್ತಿದ್ದಾರೆ. ಈ ಸಲ ಮಾತ್ರ ಯಜಮಾನರು ಚಲನ್ ಜೊತೆ ಪಾಸ್‌ಬುಕ್ಕನ್ನೂ ದೇವರ ಗೂಡಿನಲ್ಲಿ ಇಟ್ಟಿದ್ದಾರೆ.